ಎರಡು ಪುಟಗಳಲ್ಲಿ ಎದ್ದು ಕಾಣಬೇಕಾದ ಅಪಾಯ

ತಾಲ್ಲೂಕು ಆಸ್ಪತ್ರೆಯ ಗರ್ಭಿಣಿಯರ ಸಾಲಿನಲ್ಲಿ ದಿನವೂ ಕೇಳಿಬರುವ ಮಾತು, ‘ರಕ್ತ ಕಮ್ಮಿ ಇದೆಯಮ್ಮಾ’ ಎಂಬುದು. ಹಿಮೋಗ್ಲೋಬಿನ್ 7ರಿಂದ 9.9 ಗ್ರಾಂ ಇದ್ದವರಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಎಷ್ಟೋ ಹೆಂಗಸರು ವಾಕರಿಕೆ, ಮಲಬದ್ಧತೆ ಎಂದು ಅದನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಮಾತ್ರೆಯ ಬದಲು ಒಂದೇ ಸಲ ಡ್ರಿಪ್ ಮೂಲಕ ಕಬ್ಬಿಣ ಏರಿಸಿದರೆ ಹೇಗೆ ಎಂಬ ಪ್ರಶ್ನೆ ಅಲ್ಲಿನ ವೈದ್ಯರೊಬ್ಬರಿಗೆ ಬಂತು ಎಂದಿಟ್ಟುಕೊಳ್ಳೋಣ. ಅರವತ್ತು ಗರ್ಭಿಣಿಯರಲ್ಲಿ ಮೂವತ್ತು ಮಂದಿಗೆ ಮಾತ್ರೆ, ಮೂವತ್ತು ಮಂದಿಗೆ ಡ್ರಿಪ್, ಎಂಟು ವಾರದ ನಂತರ ರಕ್ತ ಪರೀಕ್ಷೆ. ಇಷ್ಟೇ ಅಧ್ಯಯನ. ಆದರೆ ಮೊದಲ ಹೆಂಗಸನ್ನು ಸೇರಿಸಿಕೊಳ್ಳುವ ಮುನ್ನ ಎಥಿಕ್ಸ್ ಕಮಿಟಿ ಒಪ್ಪಬೇಕು. ಒಪ್ಪಿಸಲು ಒಂದು ಸಾರಾಂಶ ಬರೆಯಬೇಕು.

ಆ ಕಮಿಟಿಯಲ್ಲಿ ವೈದ್ಯರಷ್ಟೇ ಇರುವುದಿಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಕನಿಷ್ಠ ಏಳು ಸದಸ್ಯರಿರಬೇಕು. ಅವರಲ್ಲಿ ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರು. ಕಾನೂನು ಬಲ್ಲವರೊಬ್ಬರು ಇರಬೇಕು, ವೈದ್ಯಕೀಯದ ಗಂಧವಿಲ್ಲದ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಸಾರಾಂಶವನ್ನು ಓದಿ ಅರ್ಥ ಮಾಡಿಕೊಳ್ಳಬೇಕಾದವರು ಇವರೆಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2000ದಲ್ಲಿ ಹೊರತಂದ ಮಾರ್ಗಸೂಚಿಯನ್ನು ರೂಪಿಸಿದ ಸಮಿತಿಗೆ ಅಧ್ಯಕ್ಷರಾಗಿದ್ದವರೂ ವೈದ್ಯರಲ್ಲ. ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ.

ಮೊದಲ ಸಲ ಸಾರಾಂಶ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಅಪಾಯ: ಏನೂ ಇಲ್ಲ. ಲಾಭ: ಭಾಗವಹಿಸುವವರಿಗೆ ಉತ್ತಮ ಚಿಕಿತ್ಸೆ ಸಿಗುತ್ತದೆ.’ ಎರಡೂ ವಾಕ್ಯ ತಪ್ಪು. ಎರಡನೆಯದು ಹೆಚ್ಚು ತಪ್ಪು. ಡ್ರಿಪ್ಪೇ ಉತ್ತಮವೆಂದು ಮೊದಲೇ ಗೊತ್ತಿದ್ದರೆ ಉಳಿದ ಮೂವತ್ತು ಮಂದಿಗೆ ಅದನ್ನು ಕೊಡದೆ ಇಡುವುದೇ ಅನ್ಯಾಯ. ಗೊತ್ತಿಲ್ಲ ಎಂಬ ಕಾರಣಕ್ಕೇ ತಾನೆ ಅಧ್ಯಯನ ನಡೆಯುವುದು? ಹಾಗಿದ್ದಾಗ ಲಾಭವನ್ನು ಮಾತು ಕೊಟ್ಟಂತೆ ಬರೆಯಲಾಗದು. ‘ನಿಮಗೆ ಲಾಭವಾಗಬಹುದು, ಆಗದೆಯೂ ಇರಬಹುದು, ಮುಂದೆ ಬರುವ ಗರ್ಭಿಣಿಯರ ಚಿಕಿತ್ಸೆಗೆ ಇದರಿಂದ ತಿಳಿವಳಿಕೆ ಸಿಗಬಹುದು’ ಎಂದಷ್ಟೇ ಬರೆಯಲು ಸಾಧ್ಯ. ಬಸ್ ಚಾರ್ಜು ಕೊಡುವುದು, ಒಂದು ದಿನದ ಕೂಲಿ ತುಂಬಿಕೊಡುವುದು ಲಾಭದ ಪಟ್ಟಿಗೆ ಸೇರುವುದಿಲ್ಲ. ಅದು ಆಕೆ ಕಳೆದುಕೊಂಡದ್ದನ್ನು ಹಿಂತಿರುಗಿಸುವುದು ಮಾತ್ರ.

ಅಪಾಯದ ಭಾಗ ಬರೆಯುವಾಗ ಒಂದು ಪ್ರಶ್ನೆಯನ್ನು ಹಿಡಿದು ಕೂತರೆ ದಾರಿ ಸಿಗುತ್ತದೆ: ಈ ಅಧ್ಯಯನವೇ ಇಲ್ಲದಿದ್ದರೂ ಈ ಹೆಂಗಸಿಗೆ ಏನೇನು ಆಗುತ್ತಿತ್ತು? ಮಾತ್ರೆ ಕೊಡುತ್ತಿದ್ದರು, ಹಿಮೋಗ್ಲೋಬಿನ್ ಪರೀಕ್ಷೆ ಮಾಡುತ್ತಿದ್ದರು. ಮಾತ್ರೆಯಿಂದಾಗುವ ಮಲಬದ್ಧತೆ ಆಗಲೂ ಇರುತ್ತಿತ್ತು, ಈಗಲೂ ಇರುತ್ತದೆ. ಅದು ಅಧ್ಯಯನ ತಂದ ಅಪಾಯವಲ್ಲ. ಅಧ್ಯಯನವೇ ತಂದದ್ದು ಬೇರೆ. ಡ್ರಿಪ್ ಗುಂಪಿಗೆ ಸೇರಿದವರಿಗೆ ಔಷಧ ಒಗ್ಗದೆ ಮೈ ತುರಿಕೆ, ಎದೆ ಬಿಗಿತ ಬರಬಹುದು. ತೀರಾ ಅಪರೂಪಕ್ಕೆ ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಸೂಜಿ ಸರಿದು ಔಷಧ ಚರ್ಮದಡಿ ಸೋರಿದರೆ ಕಂದು ಕಲೆ ಉಳಿಯುತ್ತದೆ, ಅದು ಬೇಗ ಹೋಗುವುದಿಲ್ಲ. ಎರಡೂ ಗುಂಪಿನವರಿಂದ ಹೆಚ್ಚುವರಿಯಾಗಿ ಎರಡು ಸಲ ಐದೈದು ಮಿ.ಲೀ. ರಕ್ತ ತೆಗೆಯಲಾಗುತ್ತದೆ. ರಕ್ತ ಕಮ್ಮಿ ಇದೆ ಎಂದು ಹೇಳಿಸಿಕೊಂಡ ಹೆಂಗಸಿಗೆ ‘ಇನ್ನಷ್ಟು ರಕ್ತ ಕೊಡು’ ಎಂದರೆ ಸಹಜವಾಗಿ ಭಯವಾಗುತ್ತದೆ. ಅದು ಎರಡು ಟೀ ಚಮಚದಷ್ಟೇ ಎಂಬ ಮಾತೂ ಸಾರಾಂಶದಲ್ಲಿರಬೇಕು.

ಪ್ರತಿ ಅಪಾಯದ ಪಕ್ಕದಲ್ಲಿ ಅದಕ್ಕೆ ಮಾಡಿಕೊಂಡ ಸಿದ್ಧತೆ ಬರಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿರುವವರನ್ನು ಸೇರಿಸಿಕೊಳ್ಳುವುದಿಲ್ಲ. ಡ್ರಿಪ್ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಸಿಸ್ಟರ್ ಕಣ್ಣೆದುರೇ ಮಲಗಿಸಲಾಗುತ್ತದೆ. ಅಡ್ರಿನಲಿನ್ ಮತ್ತು ಆಮ್ಲಜನಕ ಅದೇ ಕೋಣೆಯಲ್ಲಿರುತ್ತವೆ. ಗಂಭೀರ ತೊಂದರೆಯಾದರೆ 24 ಗಂಟೆಯೊಳಗೆ ಕಮಿಟಿಗೆ ವರದಿ ಹೋಗುತ್ತದೆ, ಚಿಕಿತ್ಸೆಯ ಖರ್ಚು ಆಕೆಯ ಮೇಲೆ ಬೀಳುವುದಿಲ್ಲ. ‘ಸೂಕ್ತ ಮುನ್ನೆಚ್ಚರಿಕೆ ವಹಿಸಲಾಗುವುದು’ ಎಂಬ ಒಂದು ಸಾಲು ಇದ್ಯಾವುದನ್ನೂ ಹೇಳುವುದಿಲ್ಲ. ಅನುಭವಿ ಸದಸ್ಯರು ಅಂಥ ಸಾಲಿನ ಕೆಳಗೆ ಗೆರೆ ಎಳೆದು ವಾಪಸ್ ಕಳಿಸುತ್ತಾರೆ.

ಅಧ್ಯಯನ ಸಣ್ಣದಾದಷ್ಟೂ ಇನ್ನೆರಡು ತೊಡಕು ಹೆಚ್ಚುತ್ತವೆ. ಡ್ರಿಪ್ ಪಡೆದ ಮೂವತ್ತು ಮಂದಿಯಲ್ಲಿ ಒಬ್ಬರಿಗೂ ತೊಂದರೆಯಾಗಲಿಲ್ಲ ಎನ್ನಿ. ‘ಹಾಗಾದರೆ ಇದು ಸುರಕ್ಷಿತ’ ಎಂದು ಬರೆಯಬಹುದೇ? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಸರಳ ಲೆಕ್ಕವಿದೆ. ಮೂರನ್ನು ಮಂದಿಯ ಸಂಖ್ಯೆಯಿಂದ ಭಾಗಿಸಬೇಕು. ಮೂರನ್ನು ಮೂವತ್ತರಿಂದ ಭಾಗಿಸಿದರೆ ಹತ್ತನೇ ಒಂದು. ಅಂದರೆ ನಿಜವಾದ ಪ್ರಮಾಣ ಹತ್ತರಲ್ಲಿ ಒಬ್ಬರವರೆಗೂ ಇರಲು ಸಾಧ್ಯವಿದೆ, ಮೂವತ್ತು ಮಂದಿಯಲ್ಲಿ ಅದು ಕಾಣದೆ ಹೋಗಿರಬಹುದು. ಆದ್ದರಿಂದ ಈ ಅಧ್ಯಯನ ಹಿಮೋಗ್ಲೋಬಿನ್ ಏರಿಕೆಯನ್ನು ಅಳೆಯಬಲ್ಲದೇ ಹೊರತು ಅಪರೂಪದ ಅಪಾಯದ ಬಗ್ಗೆ ತೀರ್ಪು ಕೊಡಲಾರದು. ಇದನ್ನು ಸಾರಾಂಶದಲ್ಲೇ ಒಪ್ಪಿಕೊಳ್ಳಬೇಕು. ಕೇಳಿದ ಪ್ರಶ್ನೆಗೂ ಉತ್ತರ ಸಿಗದಷ್ಟು ಕಡಿಮೆ ಮಂದಿ ಇದ್ದರೆ ಅವರಿಗೆ ಸೂಜಿ ಚುಚ್ಚುವುದಕ್ಕೇ ಸಮರ್ಥನೆ ಇಲ್ಲ.

ಎರಡನೆಯದು ಗುಟ್ಟು ಕಾಪಾಡುವುದು. ಹೆಸರು ತೆಗೆದು ಸಂಖ್ಯೆ ಹಾಕಿದರೆ ಸಾಕು ಎಂದುಕೊಳ್ಳುತ್ತಾರೆ. ಆದರೆ ಅರವತ್ತೇ ಮಂದಿಯಲ್ಲಿ ‘19 ವರ್ಷ, ಇಂಥ ಹಳ್ಳಿ, ಅವಳಿ ಮಕ್ಕಳ ಗರ್ಭ’ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಹಳ್ಳಿಯ ಹೆಸರನ್ನೂ ಬಿಡಬೇಕು.

ಇನ್ನು ಒಪ್ಪಿಗೆ. ಇದನ್ನು ಕಾಗದದ ಕೆಲಸವೆಂದು ಭಾವಿಸಿದರೆ ಏನಾಗುತ್ತದೆ ಎಂಬುದನ್ನು ದೇಶ ಕಂಡಿದೆ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ‘ಪಾತ್’ ಎಂಬ ಸಂಸ್ಥೆ ಐಸಿಎಂಆರ್ ಜತೆಗೂಡಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಸಿತು. ಭಾಗವಹಿಸಿದವರು 10ರಿಂದ 14 ವರ್ಷದ ಹೆಣ್ಣುಮಕ್ಕಳು. ಆ ಅವಧಿಯಲ್ಲಿ ಸಂಭವಿಸಿದ ಏಳು ಸಾವುಗಳಿಗೆ ಲಸಿಕೆ ಕಾರಣವೆನ್ನಲು ತನಿಖೆಯಲ್ಲಿ ಆಧಾರ ಸಿಗಲಿಲ್ಲ. ಆದರೆ ಒಪ್ಪಿಗೆ ಪತ್ರಗಳ ಕಥೆ ಬಯಲಾಯಿತು. ಆಂಧ್ರದಲ್ಲಿ ಪರಿಶೀಲಿಸಿದ 9,543 ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದ್ದವರು ತಂದೆ ತಾಯಿಯಲ್ಲ, ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಅಧ್ಯಯನ ನಿಂತಿತು, 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾದ ವರದಿ ಕೊಟ್ಟಿತು.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಾರ್ಡನ್ ಜಾಗದಲ್ಲಿ ಗಂಡನೋ ಅತ್ತೆಯೋ ಬಂದು ನಿಲ್ಲಬಹುದು. ಅವರೊಂದಿಗೆ ಮಾತಾಡಿ ನಿರ್ಧರಿಸಲು ಆಕೆಗೆ ಸಮಯ ಕೊಡಬೇಕು, ಆದರೆ ಸಹಿ ಆಕೆಯದೇ. ಓದು ಬಾರದವರಿಗೆ ಅಧ್ಯಯನ ತಂಡಕ್ಕೆ ಸೇರದ ಸಾಕ್ಷಿಯ ಎದುರು ಪತ್ರವನ್ನು ಪೂರ್ತಿ ಓದಿ ಹೇಳಿ, ಆಕೆಯ ಹೆಬ್ಬೆಟ್ಟು ಮತ್ತು ಸಾಕ್ಷಿಯ ಸಹಿ ಪಡೆಯಬೇಕು. ಯಾವ ಗುಂಪು ಎಂಬುದನ್ನು ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದಂತೆ ಬರುತ್ತದೆ ಎಂದು ತಿಳಿಸಬೇಕು. ಒಲ್ಲೆ ಎಂದರೂ ಮಾತ್ರೆ, ಹೆರಿಗೆ, ಆರೈಕೆ ಎಲ್ಲವೂ ಮೊದಲಿನಂತೆಯೇ ಎಂಬ ಮಾತು ಪತ್ರದ ಕೊನೆಯ ಮೂಲೆಯಲ್ಲಲ್ಲ, ಮೊದಲಲ್ಲೇ ಬರಬೇಕು. ‘ಡಾಕ್ಟ್ರು ಹೇಳಿದ್ರು, ಹೇಗೆ ಬೇಡ ಅನ್ನಲಿ’ ಎನ್ನುವ ಹಿಂಜರಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೇ ದಿನವೂ ಆಕೆಯನ್ನು ನೋಡುವ ವೈದ್ಯರ ಬದಲು ಬೇರೊಬ್ಬರು ಒಪ್ಪಿಗೆ ಕೇಳುವುದು ಒಳ್ಳೆಯದು. ಆಕೆಗೆ ಅರ್ಥವಾಯಿತೇ ಎಂದು ತಿಳಿಯಲು ‘ಗೊತ್ತಾಯ್ತಾ?’ ಎಂದರೆ ಸಾಲದು; ಎಲ್ಲರೂ ತಲೆ ಆಡಿಸುತ್ತಾರೆ. ‘ಡ್ರಿಪ್ ಹಾಕಿದ ಮೇಲೆ ಎದೆ ಬಿಗಿದಂತಾದರೆ ಏನು ಮಾಡ್ತೀಯಮ್ಮಾ?’ ಎಂದು ಕೇಳಿ, ಆಕೆಯ ಮಾತಿನಲ್ಲೇ ಉತ್ತರ ಹೇಳಿಸಬೇಕು.

ಆಸ್ಪತ್ರೆಯಲ್ಲಿ ಯಾರಾದರೂ ನಿಮ್ಮನ್ನು ಅಥವಾ ಮನೆಯವರನ್ನು ಅಧ್ಯಯನಕ್ಕೆ ಸೇರಿ ಎಂದು ಕೇಳಿದರೆ, ಮಾಹಿತಿ ಪತ್ರದ ಒಂದು ಪ್ರತಿಯನ್ನು ಕನ್ನಡದಲ್ಲಿ ಕೇಳಿ ಪಡೆಯಿರಿ. ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ವಿವರ ಅದರಲ್ಲಿರಬೇಕು. ಸಹಿ ಹಾಕಿದ ಮೇಲೂ, ಯಾವ ದಿನ ಬೇಕಾದರೂ, ಕಾರಣ ಹೇಳದೆ ಹೊರಬರಬಹುದು.