ಒಂದು ಗಂಟೆಯ ಭಾಷಣ ಎರಡು ಗಂಟೆಯಾದದ್ದು

ಒಂದು ಗಂಟೆಯ ಭಾಷಣದ ಎಂಪಿ3ಯನ್ನು ಹಳೆಯ ಪ್ಲೇಯರ್ ಎರಡು ಗಂಟೆ ಎಂದು ತೋರಿಸಿದರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಬದಲಾಗುವ ಬಿಟ್‌ರೇಟ್‌ನಲ್ಲಿ ಮೌನಕ್ಕೆ ಕಡಿಮೆ ಬಿಟ್, ತುಂಬಿದ ಧ್ವನಿಗೆ ಹೆಚ್ಚು. ಸರಾಸರಿ ಸೆಕೆಂಡಿಗೆ 64 ಕಿಲೋಬಿಟ್ ಇದ್ದು, ಆರಂಭದ ಮೌನ 32ರಲ್ಲಿದ್ದರೆ, ಮೊದಲ ತುಣುಕನ್ನಷ್ಟೇ ನೋಡಿ ಲೆಕ್ಕ ಹಾಕುವ ಪ್ಲೇಯರ್ ಅವಧಿಯನ್ನು ದುಪ್ಪಟ್ಟು ಮಾಡುತ್ತದೆ. ನಿಜವಾದ ಲೆಕ್ಕ ಫೈಲಿನ ತಲೆಭಾಗದಲ್ಲೇ ಬರೆದಿದ್ದರೂ ಕೆಲವು ಹಳೆಯ ಯಂತ್ರಗಳು ಅದನ್ನು ಓದುವುದಿಲ್ಲ.

ಹಾಗಾಗಿ ಭಾಷಣ ಸಂಗ್ರಹದ ಕೇಳುವ ಪ್ರತಿಗೆ ಸ್ಥಿರವಾದ 64, ಮೊನೊ ಸಾಕು. ಗಂಟೆಗೆ ಸುಮಾರು 29 ಎಂಬಿ. ಬೇಕಾದ ನಿಮಿಷಕ್ಕೆ ನೇರವಾಗಿ ಹೋಗಬಹುದು. (ಮೂಲಪ್ರತಿಯನ್ನಂತೂ ಎಂಪಿ3 ಮಾಡಲೇಬೇಡಿ.)

ಸಂಗೀತದ ಮಾತು ಬೇರೆ. ಆಲಾಪನೆಗೂ ತನಿ ಆವರ್ತನಕ್ಕೂ ಒಂದೇ ಬಿಟ್ ಕೊಡುವುದು ದಂಡ. ಸ್ಟ್ರೀಮಿಂಗ್‌ಗೆ ಬದಲಾಗುವ ದರವೇ ಲೇಸು, ಆದರೆ ಗರಿಷ್ಠ ಮಿತಿಯಿರಲಿ. ಇಲ್ಲದಿದ್ದರೆ ನೆಟ್‌ವರ್ಕ್ ಕುಂಟುವಾಗ ಮೃದಂಗ ಬಿರುಸಾದ ಕಡೆಯೇ ಕಛೇರಿ ನಿಂತೀತು.