ಬಿಲ್ಲು ತಿದ್ದಿದವರು ಯಾರು?

ಗಲ್ಲಾಪೆಟ್ಟಿಗೆಯ ಹಣ, ಲೆಕ್ಕದಲ್ಲಿರುವ ನಗದು, ಗೋದಾಮಿನ ಸರಕು ಮೂರೂ ತಾಳೆಯಾದರೆ ಅಂಗಡಿಯವರು ನೆಮ್ಮದಿಯಿಂದ ಬಾಗಿಲು ಹಾಕುತ್ತಾರೆ. ಆದರೆ ಮೂರೂ ತಾಳೆಯಾದ ದಿನವೇ ಹಣ ಸೋರಿರಬಹುದು.

ಪಿವಿಸಿ ಪೈಪು ಮಾರುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಎಂದುಕೊಳ್ಳಿ. ಮನೆ ಕಟ್ಟಿಸುತ್ತಿರುವವರೊಬ್ಬರು ಬೆಳಿಗ್ಗೆ ಬಂದು 20,000 ರೂಪಾಯಿಯ ಪೈಪು ಕೊಳ್ಳುತ್ತಾರೆ. ಶೇ 18ರ ಜಿಎಸ್‌ಟಿ ಸೇರಿ 23,600 ರೂಪಾಯಿ ನಗದು ಕೊಟ್ಟು ಬಿಲ್ ತೆಗೆದುಕೊಂಡು ಹೋಗುತ್ತಾರೆ. ಸಂಜೆ ಮಾಲೀಕರು ಹೊರಟ ಮೇಲೆ ಯಾರೋ ಆ ಬಿಲ್ಲನ್ನು ಕಂಪ್ಯೂಟರಿನಲ್ಲಿ ಮತ್ತೆ ತೆರೆದು 5,000 ರೂಪಾಯಿ ರಿಯಾಯಿತಿ ಹಾಕುತ್ತಾರೆ. ಈಗ ಬಿಲ್ಲಿನ ಮೊತ್ತ 15,000ಕ್ಕೆ 2,700 ತೆರಿಗೆ ಸೇರಿ 17,700. ಉಳಿದ 5,900 ರೂಪಾಯಿ ಜೇಬು ಸೇರುತ್ತದೆ. ಪೈಪಿನ ಸಂಖ್ಯೆಯನ್ನು ಮುಟ್ಟಿಲ್ಲವಾದ್ದರಿಂದ ದಾಸ್ತಾನು ಎಣಿಸಿದರೂ ಸರಿಯಾಗಿಯೇ ಬರುತ್ತದೆ. ಕೊಂಡವರು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಯಾಗಿದ್ದರೆ ಅವರ ರಿಟರ್ನ್ಸ್‌ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಸಾಮಾನ್ಯ ಗ್ರಾಹಕರಾದ್ದರಿಂದ ಆ ದಾರಿಯೂ ಇಲ್ಲ. ಹಳೆಯ ಮೊತ್ತ ಉಳಿದಿರುವುದು ಅವರ ಕೈಯಲ್ಲಿರುವ ಕಾಗದದಲ್ಲಿ, ಮತ್ತು ಸಾಫ್ಟ್‌ವೇರ್ ಬರೆದಿಟ್ಟಿದ್ದರೆ ಅದರ ಎಡಿಟ್ ಲಾಗ್‌ನಲ್ಲಿ.

ಆಡಿಟ್ ಟ್ರೇಲ್ ಅನ್ನುವುದು ಇದನ್ನೇ. ಬಿಲ್ಲನ್ನು ತಿದ್ದಿದಾಗ ಹಳೆಯದು ಅಳಿಯದೆ, ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾವಾಗ, ಯಾರ ಹೆಸರಿನಲ್ಲಿ ಎಂಬುದೆಲ್ಲ ದಾಖಲಾಗುತ್ತದೆ. ಸಾಫ್ಟ್‌ವೇರಿನಲ್ಲಿ ಲೆಕ್ಕ ಇಡುವ ಪ್ರತಿ ಕಂಪನಿಗೂ ಇದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಆ ದಾಖಲೆಯನ್ನು ಆಫ್ ಮಾಡಲು ಅವಕಾಶವಿರಬಾರದು ಎಂದೂ ನಿಯಮ ಹೇಳುತ್ತದೆ. ವರ್ಷವಿಡೀ ಅದು ನಡೆದಿದೆಯೇ, ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಆಡಿಟರ್ ತಮ್ಮ ವರದಿಯಲ್ಲಿ ಬರೆಯಬೇಕು. ಒಬ್ಬರೇ ಮಾಲೀಕರಿರುವ ಅಂಗಡಿಗೂ ಪಾಲುದಾರಿಕೆ ಸಂಸ್ಥೆಗೂ ಈ ನಿಯಮ ಅನ್ವಯಿಸುವುದಿಲ್ಲ. ಬೆಂಗಳೂರಿನ ಟ್ಯಾಲಿ ಸಂಸ್ಥೆ ಇದಕ್ಕೆ ತಕ್ಕಂತೆ ಎರಡು ಬಗೆಯ ಸಾಫ್ಟ್‌ವೇರ್ ಕೊಡುತ್ತದೆ: ಸಾಮಾನ್ಯ ಟ್ಯಾಲಿಪ್ರೈಮ್‌ನಲ್ಲಿ ಎಡಿಟ್ ಲಾಗ್ ಬೇಕಾದರೆ ಆನ್ ಮಾಡಿಕೊಳ್ಳಬಹುದು, ಟ್ಯಾಲಿಪ್ರೈಮ್ ಎಡಿಟ್ ಲಾಗ್ ಎಂಬುದರಲ್ಲಿ ಅದನ್ನು ನಿಲ್ಲಿಸಲು ಬರುವುದಿಲ್ಲ.

ನಮ್ಮ ಪೈಪಿನ ಕಂಪನಿಯಲ್ಲಿ ಲಾಗ್ ಇದೆ ಎಂದುಕೊಳ್ಳೋಣ. ತೆರೆದು ನೋಡಿದರೆ ಬೆಳಿಗ್ಗೆ 23,600, ಸಂಜೆ 7:50ಕ್ಕೆ 17,700. ತಿದ್ದಿದವರ ಹೆಸರು `Admin`. ಆ ಪಾಸ್‌ವರ್ಡ್ ಮಾಲೀಕರಿಗೂ ಗೊತ್ತು, ಅಕೌಂಟೆಂಟಿಗೂ ಗೊತ್ತು, ಬಿಲ್ ಮಾಡುವ ಹುಡುಗನಿಗೂ ಗೊತ್ತು. ಹೊರಗಿನಿಂದ ಕಂಪ್ಯೂಟರಿಗೆ ಸಂಪರ್ಕ ಪಡೆದು ಜಿಎಸ್‌ಟಿ ಕೆಲಸ ಮಾಡಿಕೊಡುವ ಟ್ಯಾಕ್ಸ್ ಪ್ರಾಕ್ಟೀಷನರಿಗೂ ಗೊತ್ತು. ತಪ್ಪು ನಡೆದದ್ದು ಖಚಿತವಾಯಿತು, ಆದರೆ ಯಾರನ್ನು ಕೇಳುವುದು? ತಪ್ಪೇ ಮಾಡದವರೂ ಅನುಮಾನಕ್ಕೆ ಸಿಕ್ಕಿಬೀಳುತ್ತಾರೆ. ಸಣ್ಣ ಸಂಸ್ಥೆಗಳಲ್ಲಿ ಲಾಗ್ ಕೆಲಸಕ್ಕೆ ಬಾರದೆ ಹೋಗುವುದು ಹೆಚ್ಚಾಗಿ ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಆದ್ದರಿಂದ ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರಬೇಕು. ಬಿಲ್ಲಿಂಗ್ ಹುಡುಗನಿಗೆ ಹೊಸ ಬಿಲ್ ಮಾಡುವ ಅಧಿಕಾರ ಸಾಕು. ಹಳೆಯದನ್ನು ತಿದ್ದುವ, ಅಳಿಸುವ, ಹಿಂದಿನ ತಾರೀಖು ಹಾಕುವ ಅಧಿಕಾರ ಬೇಡ. ನಿಜವಾಗಿಯೂ ಬೆಲೆ ತಪ್ಪಿದ್ದರೆ? ಬಿಲ್ಲನ್ನು ಹಾಗೆಯೇ ಬಿಟ್ಟು ಅಕೌಂಟೆಂಟ್ ಕ್ರೆಡಿಟ್ ನೋಟ್ ಮಾಡಲಿ. ಅದಕ್ಕೆ ತನ್ನದೇ ಸಂಖ್ಯೆ, ತಾರೀಖು ಇರುತ್ತದೆ, ಪ್ರತಿ ಗ್ರಾಹಕರಿಗೂ ಹೋಗುತ್ತದೆ. `Admin` ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಲಿ, ಆದರೆ ದಿನದ ಕೆಲಸಕ್ಕೆ ಅವರೂ ಬೇರೆ ಹೆಸರಿನಲ್ಲಿ ಒಳಹೋಗುವುದು ಒಳ್ಳೆಯದು. ಆಗ ಲಾಗ್‌ನಲ್ಲಿ `Admin` ಎಂದು ಕಂಡ ಪ್ರತಿ ಸಾಲೂ ಕೇಳಿ ನೋಡಬೇಕಾದ ಸಾಲಾಗುತ್ತದೆ.

ಇಷ್ಟಾದರೂ ಯಾರಾದರೂ ಓದಿದರೆ ತಾನೇ ಲಾಗ್ ಮಾತಾಡುವುದು. ತಿಂಗಳಿಗೊಮ್ಮೆ ತಿದ್ದಿದ ಮತ್ತು ಅಳಿಸಿದ ವೋಚರುಗಳ ಪಟ್ಟಿ ತೆಗೆಯಿರಿ. ವಿವರಣೆಯಲ್ಲಿ ಅಕ್ಷರ ತಿದ್ದಿದ್ದನ್ನೆಲ್ಲ ನೋಡುತ್ತ ಕೂರಬೇಕಿಲ್ಲ. ಹಣ ಕೈಸೇರಿದ ಮೇಲೆ ಮೊತ್ತ ಇಳಿದ ನಗದು ಬಿಲ್ಲುಗಳು ಮತ್ತು ಸರಕು ಕೊಡುವವರ ಬ್ಯಾಂಕ್ ಖಾತೆ ಸಂಖ್ಯೆ ಬದಲಾದದ್ದು, ಈ ಎರಡರ ಮೇಲೆ ಮೊದಲು ಕಣ್ಣಿಡಿ.

ಲಾಗ್‌ಗೆ ಕಾಣದ್ದೂ ಇದೆ. ಬಿಲ್ಲೇ ಮಾಡದೆ ಮಾರಿದ್ದು ಅದಕ್ಕೆ ತಿಳಿಯದು. ಅದು ಸಿಗುವುದು ದಾಸ್ತಾನು ಎಣಿಸಿದಾಗಲೇ. ಲೆಕ್ಕದ ಡೇಟಾ ಅಂಗಡಿಯ ಕಂಪ್ಯೂಟರಿನಲ್ಲೇ ಇದ್ದರೆ ಇನ್ನೊಂದು ಕಳ್ಳದಾರಿಯೂ ಉಂಟು: ನಿನ್ನೆಯ ಬ್ಯಾಕಪ್ಪನ್ನು ಮತ್ತೆ ಹಾಕಿ, ಇಂದಿನ ಬಿಲ್ಲುಗಳನ್ನು ಬೇಕಾದಂತೆ ಹೊಸದಾಗಿ ನಮೂದಿಸುವುದು. ಬ್ಯಾಕಪ್ಪಿನೊಂದಿಗೆ ಲಾಗ್ ಕೂಡ ನಿನ್ನೆಗೆ ಹೋಗುವುದರಿಂದ ತಿದ್ದಿದ ಗುರುತೇ ಇರುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬಿಲ್ಲು ರಾತ್ರಿ ಎಂಟಕ್ಕೆ ಸೃಷ್ಟಿಯಾಗಿದೆ ಎಂದು ಲಾಗ್ ತೋರಿಸಿದರೆ ಈ ಅನುಮಾನ ಬರಬೇಕು. ದಿನದ ಬ್ಯಾಕಪ್ಪಿನ ಒಂದು ಪ್ರತಿಯನ್ನು ಮಾಲೀಕರು ಮನೆಗೊಯ್ದರೆ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬಹುದು.