ಖಾಲಿ ಮೆಸೇಜ್‌ಗೆ ಮೊದಲ ಉತ್ತರ: ಗೊತ್ತಿದ್ದರೂ ಎಷ್ಟು ಹೇಳಬೇಕು?

ಮನೆಗೆ ಔಷಧಿ ತಲುಪಿಸುವ ಒಂದು ಆ್ಯಪ್‌ನ ಚಾಟ್ ಸಪೋರ್ಟ್‌ನಲ್ಲಿ ನಾನು ಕೆಲಸ ಮಾಡ್ತಿದ್ದೆ. ಒಂದು ಸಂಜೆ ಒಬ್ಬ ಗ್ರಾಹಕಿಯ ಖಾತೆಯಿಂದ ಮೆಸೇಜ್ ಬಂತು. ತೆರೆದು ನೋಡಿದ್ರೆ ಒಂದಕ್ಷರವೂ ಇಲ್ಲ, ಪೂರ್ತಿ ಖಾಲಿ.

ನನ್ನ ಸ್ಕ್ರೀನ್ ಮೇಲೆ ಮಾತ್ರ ಎಲ್ಲಾ ಇತ್ತು. ಹೆಸರು, ವಿಳಾಸ, ಹಳೇ ಆರ್ಡರ್‌ಗಳು, ಅವತ್ತು ತಡವಾಗಿದ್ದ ಒಂದು ಪಾರ್ಸೆಲ್. ಬೇಗ ಸಹಾಯ ಮಾಡೋಣ ಅಂತ ಬರೆದೆ: "ನಿಮ್ಮ ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ತಡವಾಗಿದೆ, ಅದರ ಬಗ್ಗೆ ಕೇಳ್ತಿದ್ದೀರಾ?"

ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಫೋನ್ ನಮ್ಮಣ್ಣನ ಕೈಲಿತ್ತು. ಇದನ್ನ ಯಾಕೆ ಬರೆದ್ರಿ?"

ನಾನು ಬರೆದ ವಿಷಯ ಸರಿಯಾಗೇ ಇತ್ತು. ಆದ್ರೆ ಖಾತೆ ಯಾರದು ಅಂತ ಗೊತ್ತಿತ್ತೇ ಹೊರತು, ಫೋನ್ ಯಾರ ಕೈಲಿದೆ ಅಂತ ಗೊತ್ತಿರಲಿಲ್ಲ. ಮೆಸೇಜ್‌ನ ಮೊದಲ ಸಾಲು ಲಾಕ್ ಸ್ಕ್ರೀನ್ ಮೇಲೇ ಕಾಣಬಹುದು ಅನ್ನೋದನ್ನೂ ಮರೆತಿದ್ದೆ.

ಖಾಲಿ ಮೆಸೇಜ್ ಬರೋಕೆ ಕಾರಣ ಹಲವು. ಫೋಟೋ ಅಪ್‌ಲೋಡ್ ಆಗದೇ ಹೋಗಿರಬಹುದು, ಬೆರಳು ತಾಗಿ ಸೆಂಡ್ ಆಗಿರಬಹುದು, ಮಗು ಒತ್ತಿರಬಹುದು. ಅವರು ಇನ್ನೂ ಏನನ್ನೂ ಕೇಳಿಲ್ಲ. ಕೇಳದ ಪ್ರಶ್ನೆಗೆ ನಾವೇ ಉತ್ತರ ಕೊಟ್ರೆ, "ಇವರು ನನ್ನನ್ನ ನೋಡ್ತಾ ಕೂತಿದ್ದಾರಾ?" ಅನ್ಸುತ್ತೆ.

ಆಮೇಲೆ ನಾನು ಹೀಗೆ ಬರೆಯೋಕೆ ಶುರು ಮಾಡಿದೆ:

"ನಮಸ್ಕಾರ, ನಿಮ್ಮ ಮೆಸೇಜ್ ನಮಗೆ ಖಾಲಿಯಾಗಿ ಬಂದಿದೆ. ಫೋಟೋ ಕಳಿಸಿದ್ರೆ ಅದು ತಲುಪಿಲ್ಲ. 4821ಕ್ಕೆ ಕೊನೆಯಾಗುವ ಆರ್ಡರ್ ಬಗ್ಗೆ ಆಗಿದ್ರೆ 'ಹೌದು' ಅನ್ನಿ, ಬೇರೆ ವಿಷಯ ಆಗಿದ್ರೆ ಬರೆದು ಕಳಿಸಿ. ತಪ್ಪಿ ಬಂದಿದ್ರೆ ಉತ್ತರ ಬೇಕಿಲ್ಲ."

ಇಲ್ಲಿ ಮೊದಲು, ಏನಾಯ್ತು ಅಂತ ಹೇಳಿದ್ದೀನಿ. ಯಾಕೆ ಮೆಸೇಜ್ ಮಾಡ್ತಿದ್ದೀವಿ ಅನ್ನೋದು ಅವರಿಗೆ ಆಗಲೇ ತಿಳಿಯುತ್ತೆ. ಆಮೇಲೆ ಖಾತೆಯಿಂದ ಒಂದೇ ಒಂದು ವಿವರ ತಗೊಂಡಿದ್ದೀನಿ, ಅದೂ ವಸ್ತುವಿನ ಹೆಸರಲ್ಲ, ಆರ್ಡರ್ ನಂಬರಿನ ಕೊನೆಯ 4 ಅಂಕಿ. ಆರ್ಡರ್ ಮಾಡಿದವರಿಗೆ ಅದು ತಕ್ಷಣ ಗೊತ್ತಾಗುತ್ತೆ, ಪಕ್ಕದಲ್ಲಿ ಕೂತವರಿಗೆ ಏನೂ ಗೊತ್ತಾಗಲ್ಲ. ಕೊನೇ ಸಾಲು ಅವರಿಗೆ ಸುಮ್ಮನಿರೋ ಅವಕಾಶ ಕೊಡುತ್ತೆ.

ಯಾವ ವಿವರ ಬಳಸಬಹುದು? ಅವರೇ ನಮಗೆ ಕೊಟ್ಟದ್ದು, ಈಗಲೂ ಬಾಕಿ ಇರೋದು. ಅವರು ಆ್ಯಪ್‌ನಲ್ಲಿ ಏನು ಹುಡುಕಿದ್ರು, ಯಾವ ಏರಿಯಾದಲ್ಲಿದ್ದಾರೆ, ಹೋದ ತಿಂಗಳು ಏನು ತರಿಸಿದ್ರು, ಇವು ಮೊದಲ ಉತ್ತರಕ್ಕೆ ಬೇಡ. ಬಾಕಿ ಆರ್ಡರ್ ಇಲ್ಲದಿದ್ರೆ, ಅಥವಾ ಎರಡು ಮೂರು ಇದ್ರೆ, ಊಹೆ ಮಾಡೋದೇ ಬೇಡ. "ಯಾವ ವಿಷಯಕ್ಕೆ ಸಹಾಯ ಬೇಕಿತ್ತು?" ಅಂತ ಕೇಳಿದ್ರೆ ಸಾಕು.

ಕಳಿಸೋ ಮುಂಚೆ ನಾನು ಒಂದು ಪರೀಕ್ಷೆ ಮಾಡ್ತಿದ್ದೆ: ಈ ಸಾಲನ್ನ ಅವರ ಮನೆಯ ಹಾಲ್‌ನಲ್ಲಿ ಎಲ್ಲರ ಮುಂದೆ ಜೋರಾಗಿ ಓದಿದ್ರೆ ಅವರಿಗೆ ಮುಜುಗರ ಆಗುತ್ತಾ? ಆಗುತ್ತೆ ಅನ್ಸಿದ್ರೆ ಆ ವಿವರ ತೆಗೆದುಬಿಡ್ತಿದ್ದೆ.